128 ಜಿಬಿ ಕಾರ್ಡಿನೊಳಗೆ ನಿಜವಾಗಿ ಎಷ್ಟಿದೆ?

128 ಜಿಬಿ ಎಂದು ಮುದ್ರಿಸಿದ ಮೆಮೊರಿ ಕಾರ್ಡಿನೊಳಗೆ ಬರೀ 8 ಜಿಬಿಯ ಚಿಪ್ ಇದ್ದರೂ ಕಂಪ್ಯೂಟರು 128 ಎಂದೇ ತೋರಿಸಬಹುದು. ಡೇಟಾ ಉಳಿಸುವ ಚಿಪ್ ಬೇರೆ, ಅದನ್ನು ನಡೆಸುವ ಕಂಟ್ರೋಲರ್ ಬೇರೆ. ಎಷ್ಟು ಜಾಗವಿದೆ ಎಂದು ಹೇಳುವುದು ಕಂಟ್ರೋಲರ್. ನಕಲಿ ಮಾಡುವವರು ಅದರೊಳಗಿನ ಫರ್ಮ್‌ವೇರ್ ಎಂಬ ಸಾಫ್ಟ್‌ವೇರನ್ನು ತಿದ್ದಿ ಸುಳ್ಳು ಹೇಳಿಸುತ್ತಾರೆ. ಹಾಗಾಗಿ ಫಾರ್ಮ್ಯಾಟ್ ಮಾಡಿದರೂ ಆ ಸುಳ್ಳು ಹೊರಬೀಳುವುದಿಲ್ಲ.

ಒಂದು ಫೋಟೊಗೆ 4 ಎಂಬಿ ಎಂದುಕೊಂಡರೆ ಮೊದಲ 2000 ಫೋಟೊಗಳವರೆಗೆ ಎಲ್ಲವೂ ಸರಿಯಾಗಿರುತ್ತದೆ. ಆಮೇಲೆ ಬಂದದ್ದನ್ನು ಕಂಟ್ರೋಲರ್ ಎಲ್ಲಿಯೂ ಬರೆಯದೆ ಬಿಡುತ್ತದೆ, ಇಲ್ಲವೇ ಹಳೆಯದರ ಮೇಲೆಯೇ ಬರೆಯುತ್ತದೆ. ಫೈಲುಗಳ ಪಟ್ಟಿ ಸಾಮಾನ್ಯವಾಗಿ ಆರಂಭದ ಜಾಗದಲ್ಲೇ ಇರುವುದರಿಂದ ಹೆಸರು, ಗಾತ್ರ ಎಲ್ಲ ಸರಿಯಾಗಿ ಕಾಣುತ್ತವೆ, ಫೋಟೊ ಮಾತ್ರ ತೆರೆಯುವುದಿಲ್ಲ. ಬರೆದೇ ಇರದ ಫೋಟೊವನ್ನು ಯಾವ ರಿಕವರಿ ಸಾಫ್ಟ್‌ವೇರ್ ಕೂಡ ಮರಳಿ ತರಲಾರದು.

ಅಸಲಿ 128 ಜಿಬಿ ಕಾರ್ಡ್ ವಿಂಡೋಸ್‌ನಲ್ಲಿ ಸುಮಾರು 119 ಎಂದು ಕಾಣುವುದು ಮೋಸವಲ್ಲ. ತಯಾರಕರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಆದರೆ 64 ಜಿಬಿ ಕಾರ್ಡಿನ ಮೇಲೆ ಎಸ್‌ಡಿಎಚ್‌ಸಿ ಎಂದಿದ್ದರೆ ಅನುಮಾನಪಡಿ. ಆ ಗುರುತು 32 ಜಿಬಿವರೆಗೆ ಮಾತ್ರ, ಅದರಾಚೆ ಎಸ್‌ಡಿಎಕ್ಸ್‌ಸಿ ಎಂದಿರಬೇಕು.

ಖಚಿತವಾಗಿ ತಿಳಿಯಬೇಕಾದರೆ ಕಾರ್ಡನ್ನು ಪೂರ್ತಿ ತುಂಬಿಸಿ, ಬರೆದದ್ದನ್ನು ಓದಿ ಹೋಲಿಸಬೇಕು. ಒಂದು ಸಿನಿಮಾ ಕಾಪಿ ಮಾಡಿ ನೋಡಿದರೆ ಸಾಲದು. ವಿಂಡೋಸ್‌ಗೆ H2testw ಎಂಬ ಉಚಿತ ಸಾಫ್ಟ್‌ವೇರ್ ಇದೆ. ಲಿನಕ್ಸ್‌ನಲ್ಲಾದರೆ f3 ಎಂಬ ಸಾಫ್ಟ್‌ವೇರ್ ಹಾಕಿಕೊಂಡು, ಕಾರ್ಡ್ ತೆರೆದುಕೊಂಡ ಫೋಲ್ಡರಿನ ವಿಳಾಸ ಕೊಟ್ಟು ಹೀಗೆ:

```
f3write /media/user/CARD
f3read /media/user/CARD
```

ನಕಲಿ ಕಾರ್ಡಾದರೆ ಇದರಲ್ಲಿ ಹಳೆಯ ಫೈಲುಗಳೂ ಹಾಳಾಗಬಹುದು, ಆದ್ದರಿಂದ ಕಾರ್ಡ್ ಖಾಲಿಯಿರುವಾಗಲೇ ಪರೀಕ್ಷಿಸಿ. ಸೆಕೆಂಡಿಗೆ 20 ಎಂಬಿ ಬರೆಯುವ ಕಾರ್ಡಿನಲ್ಲಿ 128 ಜಿಬಿ ತುಂಬಲು ಒಂದೂಮುಕ್ಕಾಲು ಗಂಟೆ ಬೇಕು. ಕೊನೆಗೆ ಹತ್ತಿರ ಹತ್ತಿರ 8 ಜಿಬಿ ಮಾತ್ರ OK, ಉಳಿದದ್ದು DATA LOST ಎಂದು ಬಂದರೆ ಆ ಪರದೆಯ ಚಿತ್ರ ತೆಗೆದಿಟ್ಟುಕೊಂಡು, ವಾಪಸಾತಿಯ ಅವಧಿ ಮುಗಿಯುವ ಮೊದಲೇ ಕಾರ್ಡ್ ಹಿಂದಿರುಗಿಸಿ.

ಇನ್ನು ವೇಗ. ದೊಡ್ಡದಾಗಿ ಮುದ್ರಿಸಿದ 170 ಎಂಬಿಯಂಥ ಅಂಕಿ ಸಾಮಾನ್ಯವಾಗಿ ಓದುವ ಗರಿಷ್ಠ ವೇಗ. ವಿಡಿಯೊ ತೆಗೆಯುವವರಿಗೆ ಬೇಕಾದದ್ದು ಬರೆಯುವ ಕನಿಷ್ಠ ವೇಗ, ಅದು ಸಣ್ಣ ಗುರುತುಗಳಲ್ಲಿರುತ್ತದೆ. ಸಿ ಅಕ್ಷರದೊಳಗಿನ 10 ಅಂದರೆ ಸೆಕೆಂಡಿಗೆ 10 ಎಂಬಿ, ಯು ಅಕ್ಷರದೊಳಗಿನ 3 ಅಂದರೆ 30, ವಿ30 ಅಂದರೂ 30. ಎಂಟು ಮೆಗಾಬಿಟ್ ಸೇರಿದರೆ ಒಂದು ಎಂಬಿ, ಆದ್ದರಿಂದ ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊಗೆ ಬೇಕಾದದ್ದು ಹನ್ನೆರಡೂವರೆ ಎಂಬಿ. ಹಾಗಾಗಿ ಸಿ10 ಸಾಲದು, ವಿ30 ಧಾರಾಳ. ಎ1, ಎ2 ಗುರುತುಗಳು ಕಾರ್ಡಿನಲ್ಲಿ ಆ್ಯಪ್ ಇಟ್ಟುಕೊಳ್ಳುವವರಿಗೆ.

ಪೆನ್‌ಡ್ರೈವಿನ ಮೇಲೆ ಇಂಥ ಗುರುತುಗಳಿರುವುದಿಲ್ಲ. ಯುಎಸ್‌ಬಿ 3.0 ಎಂಬುದು ದಾರಿಯ ಅಗಲವನ್ನಷ್ಟೇ ಹೇಳುತ್ತದೆ, ಒಳಗಿನ ಚಿಪ್ ನಿಧಾನವಾಗಿಯೇ ಇರಬಹುದು. ಅಲ್ಲಿಯೂ H2testw ಕೊನೆಯಲ್ಲಿ ತೋರಿಸುವ Writing speed ನೋಡಿ. ಡ್ರೈವ್ ಪೂರ್ತಿ ತುಂಬುವವರೆಗಿನ ಸರಾಸರಿ ಅದು.