ಒಂದು ಸ್ಟ್ರಾಂಗ್ ಬೀರು, ನಾಲ್ಕು ಸ್ಮಾಲ್ ಪೆಗ್

"ನಾನು ಹಾಟ್ ಮುಟ್ಟಲ್ಲ, ಬರೀ ಬೀರು" ಎನ್ನುವವರು ನಮ್ಮಲ್ಲಿ ಬಹಳ. ವಿಸ್ಕಿ, ರಮ್ಮು ಜೋರಿನವು, ಬೀರು ಸೌಮ್ಯ ಎಂಬುದು ಈ ಮಾತಿನ ಹಿಂದಿರುವ ಲೆಕ್ಕ. ಒಂದು ಗುಟುಕಿಗೆ ಒಂದು ಗುಟುಕು ಹೋಲಿಸಿದರೆ ಅದು ನಿಜವೇ. ಆದರೆ ಬೀರನ್ನು ಯಾರೂ ಗುಟುಕಿನ ಲೆಕ್ಕದಲ್ಲಿ ಕುಡಿಯುವುದಿಲ್ಲ, ಬಾಟಲಿ ಲೆಕ್ಕದಲ್ಲಿ ಕುಡಿಯುತ್ತಾರೆ. 650 ಮಿ.ಲೀ.ನ ಒಂದು ಸ್ಟ್ರಾಂಗ್ ಬೀರಿನಲ್ಲಿ ಇರುವ ಆಲ್ಕೋಹಾಲ್ ಸುಮಾರು ನಾಲ್ಕು ಸ್ಮಾಲ್ ಪೆಗ್ ವಿಸ್ಕಿಯಲ್ಲಿ ಇರುವಷ್ಟೇ. ಒಂದೇ ಬಾಟಲಿ ಕುಡಿದೆ ಎಂದುಕೊಂಡವನು ಎರಡು ಲಾರ್ಜ್ ಮುಗಿಸಿ ಎದ್ದಿರುತ್ತಾನೆ.

ಈ ಗೊಂದಲ ಬಿಡಿಸಲು ಹುಟ್ಟಿದ ಅಳತೆಯೇ ಸ್ಟ್ಯಾಂಡರ್ಡ್ ಡ್ರಿಂಕ್. ಇದು ಗ್ಲಾಸಿನ ಗಾತ್ರವನ್ನು ಹೇಳುವುದಿಲ್ಲ, ಗ್ಲಾಸಿನೊಳಗಿನ ಶುದ್ಧ ಆಲ್ಕೋಹಾಲಿನ ತೂಕವನ್ನು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಲೆಕ್ಕದಲ್ಲಿ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಎಂದರೆ 10 ಗ್ರಾಂ ಎಥನಾಲ್. ಆಸ್ಟ್ರೇಲಿಯಾದಲ್ಲೂ ಅಷ್ಟೇ, ಅಲ್ಲಿ ಬಾಟಲಿಯ ಮೇಲೆಯೇ ಅದರಲ್ಲಿ ಎಷ್ಟು ಸ್ಟ್ಯಾಂಡರ್ಡ್ ಡ್ರಿಂಕ್ ಇದೆ ಎಂದು ಮುದ್ರಿಸುವುದು ಕಡ್ಡಾಯ. ಬ್ರಿಟನ್ನಿನವರು 8 ಗ್ರಾಂನ 'ಯೂನಿಟ್' ಲೆಕ್ಕ ಹಿಡಿಯುತ್ತಾರೆ, ಅಮೆರಿಕದವರು 14 ಗ್ರಾಂ ಎನ್ನುತ್ತಾರೆ. ಆದ್ದರಿಂದ ಇಂಟರ್ನೆಟ್ಟಿನಲ್ಲಿ 'ಎರಡು ಡ್ರಿಂಕ್' ಎಂದು ಓದಿದಾಗ ಅದು ಯಾವ ದೇಶದ ಮಾತು ಎಂದು ಮೊದಲು ನೋಡಬೇಕು. ಅಮೆರಿಕದ ಎರಡು ಡ್ರಿಂಕಿನಲ್ಲಿ 28 ಗ್ರಾಂ, ಬ್ರಿಟನ್ನಿನ ಎರಡು ಯೂನಿಟ್ಟಿನಲ್ಲಿ ಬರೀ 16. ಇಲ್ಲಿ 10 ಗ್ರಾಂನ ಲೆಕ್ಕವನ್ನೇ ಇಟ್ಟುಕೊಳ್ಳೋಣ. ನಮ್ಮ ಪೆಗ್ಗಿಗೆ ಅದು ಚೆನ್ನಾಗಿ ಹೊಂದುತ್ತದೆ, ಯಾಕೆಂದು ಈಗಲೇ ಗೊತ್ತಾಗುತ್ತದೆ.

ಲೆಕ್ಕಕ್ಕೆ ಬೇಕಾಗುವುದು ಲೇಬಲ್ಲಿನ ಮೇಲಿನ ಎರಡು ಅಂಕಿ: ಎಷ್ಟು ಮಿ.ಲೀ., ಎಷ್ಟು ಶೇಕಡಾ. ಲೇಬಲ್ಲಿನಲ್ಲಿ `42.8% v/v` ಎಂದಿದ್ದರೆ 100 ಮಿ.ಲೀ.ನಲ್ಲಿ 42.8 ಮಿ.ಲೀ. ಆಲ್ಕೋಹಾಲ್ ಇದೆ ಎಂದರ್ಥ. ಈ ಶೇಕಡಾ ಗಾತ್ರದ್ದು, ತೂಕದ್ದಲ್ಲ. ಆಲ್ಕೋಹಾಲ್ ನೀರಿಗಿಂತ ಹಗುರ, ಒಂದು ಮಿ.ಲೀ. ತೂಗುವುದು 0.789 ಗ್ರಾಂ ಮಾತ್ರ. ಹಾಗಾಗಿ ಮಿ.ಲೀ.ನಿಂದ ಗ್ರಾಂಗೆ ಬರಲು ಅದರಿಂದ ಗುಣಿಸಬೇಕು. ಒಂದು ಸ್ಮಾಲ್, ಅಂದರೆ 30 ಮಿ.ಲೀ. ವಿಸ್ಕಿ ತೆಗೆದುಕೊಳ್ಳಿ. ಅದರ 42.8 ಶೇಕಡಾ ಎಂದರೆ 12.84 ಮಿ.ಲೀ.; 0.789ರಿಂದ ಗುಣಿಸಿದರೆ 10.1 ಗ್ರಾಂ. ನಮ್ಮ ಸ್ಮಾಲ್ ಪೆಗ್ ಸರಿಯಾಗಿ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಆಗುವುದು ಹೀಗೆ. ಲಾರ್ಜ್ ಎರಡು, ನೈಂಟಿ ಮೂರು, 180ರ ಕ್ವಾರ್ಟರ್ ಆರು.

ಈಗ ಅದೇ ಲೆಕ್ಕವನ್ನು ಬೀರಿಗೆ ಹಾಕಿ. 650 ಮಿ.ಲೀ., 8 ಶೇಕಡಾ: 52 ಮಿ.ಲೀ. ಶುದ್ಧ ಆಲ್ಕೋಹಾಲ್, ತೂಕ 41 ಗ್ರಾಂ. ನಾಲ್ಕು ಸ್ಟ್ಯಾಂಡರ್ಡ್ ಡ್ರಿಂಕ್ ಆಗಿ ಚೂರು ಮಿಕ್ಕಿತು. ಸ್ಟ್ರಾಂಗ್ ಬೀರಿನ ಲೇಬಲ್ಲಿನಲ್ಲಿ ಎಷ್ಟೋ ಸಲ ಒಂದೇ ಖಚಿತ ಅಂಕಿ ಇರುವುದಿಲ್ಲ, 5ರಿಂದ 8ರವರೆಗೆ ಅಥವಾ 8 ಮೀರದಂತೆ ಎಂದಿರುತ್ತದೆ. ಒಳಗಿರುವುದು 7 ಎಂದುಕೊಂಡರೂ 36 ಗ್ರಾಂ ಆಗುತ್ತದೆ. ಅದೂ ನೈಂಟಿಗಿಂತ ಹೆಚ್ಚೇ. ಲೆಕ್ಕ ಹಾಕುವಾಗ ಮೇಲಿನ ಅಂಕಿಯನ್ನೇ ಹಿಡಿಯುವುದು ಜಾಣತನ. 5 ಶೇಕಡಾದ ಮೈಲ್ಡ್ ಬೀರು ಅದೇ ದೊಡ್ಡ ಬಾಟಲಿಯಲ್ಲಿ ಬಂದರೆ 25.6 ಗ್ರಾಂ, ಅಂದರೆ ಎರಡೂವರೆ ಡ್ರಿಂಕ್. 330ರ ಪಿಂಟಿನಲ್ಲಾದರೆ 13 ಗ್ರಾಂ. 'ಒಂದು ಬೀರು' ಎಂಬ ಒಂದೇ ಮಾತಿನೊಳಗೆ 13ರಿಂದ 41 ಗ್ರಾಂವರೆಗೆ ಏನು ಬೇಕಾದರೂ ಅಡಗಿರಬಹುದು, ಮೂರು ಪಟ್ಟಿಗೂ ಮೀರಿದ ಅಂತರ.

ಹಾಗಾದರೆ ಬೀರು, ವೈನ್, ವಿಸ್ಕಿ ಎಂಬ ಮೂರು ಬಗೆಯ ಪೇಯಗಳಿಗೆ ಮೂರು ಬಗೆಯ ಗ್ಲಾಸು ಯಾಕೆ ಬಂತು? ಉತ್ತರ ಇರುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿಯಲ್ಲಿ ಮತ್ತು ಅದಕ್ಕೆ ಸಿಗುವ ಸಕ್ಕರೆಯಲ್ಲಿ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಒಂದು ಶೇಕಡಾ ಆಲ್ಕೋಹಾಲ್ ಹುಟ್ಟುತ್ತದೆ ಎಂಬುದು ವೈನ್ ಮಾಡುವವರ ಲೆಕ್ಕ. ಚೆನ್ನಾಗಿ ಮಾಗಿದ ದ್ರಾಕ್ಷಿಯ ಒಂದು ಲೀಟರ್ ರಸದಲ್ಲಿ 220 ಗ್ರಾಂನಷ್ಟು ಸಕ್ಕರೆ ಇರುತ್ತದೆ. ಅದೆಲ್ಲ ಹುದುಗಿದರೆ 13 ಶೇಕಡಾ. ವಿಜಯಪುರದ ಕಡೆಯ ದ್ರಾಕ್ಷಿಯಾಗಲಿ ಫ್ರಾನ್ಸಿನದಾಗಲಿ, ವೈನಿನ ಬಾಟಲಿಯ ಮೇಲೆ ಮತ್ತೆ ಮತ್ತೆ 12, 13 ಎಂದೇ ಕಾಣುವುದಕ್ಕೆ ಕಾರಣ ಇದು. ಇನ್ನೂ ಸಕ್ಕರೆ ಸುರಿದರೆ ಮೇಲಕ್ಕೆ ಹೋಗುತ್ತದೆಯೇ ಎಂದರೆ ತುಸು ದೂರ ಮಾತ್ರ. 14ರಿಂದ 16 ಶೇಕಡಾ ಬರುವಷ್ಟರಲ್ಲಿ ಯೀಸ್ಟ್ ತಾನೇ ಮಾಡಿದ ಆಲ್ಕೋಹಾಲಿನಲ್ಲಿ ಉಸಿರುಗಟ್ಟಿ ಕೆಲಸ ನಿಲ್ಲಿಸುತ್ತದೆ, ಉಳಿದ ಸಕ್ಕರೆ ಸಿಹಿಯಾಗಿಯೇ ಉಳಿಯುತ್ತದೆ.

ಬೀರಿನ ದಾರಿ ಬೇರೆ. ಬಾರ್ಲಿಯಲ್ಲಿರುವುದು ಪಿಷ್ಟ. ಮೊಳಕೆ ಬರಿಸಿ ಒಣಗಿಸಿದ ಕಾಳನ್ನು ಬಿಸಿನೀರಿನಲ್ಲಿ ನೆನೆಸಿದಾಗ ಅದರೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಎಷ್ಟು ನೀರು ಹಾಕಬೇಕು ಎಂಬುದು ಮಾಡುವವನ ಕೈಯಲ್ಲಿರುವ ವಿಷಯ. ಸಾಮಾನ್ಯ ಲಾಗರ್‌ಗೆ ನೂರು ಗ್ರಾಂ ರಸದಲ್ಲಿ 12 ಗ್ರಾಂನಷ್ಟು ಕರಗಿದ ಅಂಶ ಇರುವಂತೆ ನೋಡಿಕೊಳ್ಳುತ್ತಾರೆ. ಅದರಲ್ಲೂ ಒಂದಿಷ್ಟನ್ನು ಯೀಸ್ಟ್ ತಿನ್ನಲಾರದು, ಬಾಯಿಗೆ ಬೀರಿನ ಮೈ ತುಂಬಿದ ರುಚಿ ಕೊಡುವುದು ಆ ಉಳಿಕೆಯೇ. ಕೊನೆಗೆ ನಿಲ್ಲುವುದು 5 ಶೇಕಡಾದ ಆಸುಪಾಸಿನಲ್ಲಿ. ಸ್ಟ್ರಾಂಗ್ ಬೀರಿಗೆ ಮೊದಲೇ ರಸವನ್ನು ಗಟ್ಟಿಯಾಗಿ ಇಡುತ್ತಾರೆ, ಅಕ್ಕಿ ಅಥವಾ ಸಕ್ಕರೆ ಸೇರಿಸುವುದೂ ಉಂಟು.

ವಿಸ್ಕಿ, ರಮ್ಮು, ಬ್ರಾಂದಿಗೆ ಯೀಸ್ಟಿನ ಮಿತಿ ಅಡ್ಡ ಬರುವುದಿಲ್ಲ. ಶುದ್ಧ ಆಲ್ಕೋಹಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ಹಾಗಾಗಿ ಹುದುಗಿದ ರಸವನ್ನು ಕಾಯಿಸಿದಾಗ ಏಳುವ ಆವಿಯಲ್ಲಿ ಆಲ್ಕೋಹಾಲಿನ ಪಾಲು ಹೆಚ್ಚು. ಅದನ್ನು ತಣಿಸಿ ಹಿಡಿದು, ಬೇಕಾದಷ್ಟು ನೀರು ಬೆರೆಸಿ ಬಾಟಲಿಗೆ ತುಂಬುತ್ತಾರೆ. 42.8 ಎಂಬ ವಿಚಿತ್ರ ಅಂಕಿ ಬ್ರಿಟಿಷರ ಹಳೆಯ ಪ್ರೂಫ್ ಪದ್ಧತಿಯ ಪಳೆಯುಳಿಕೆ. ಆ ಲೆಕ್ಕದಲ್ಲಿ ನೂರು ಪ್ರೂಫ್ ಎಂದರೆ 57.1 ಶೇಕಡಾ, ಅದರ ಮುಕ್ಕಾಲು ಭಾಗವೇ 42.8. ಕೆಲವು ಲೇಬಲ್ಲುಗಳಲ್ಲಿ ಈಗಲೂ 75 ಡಿಗ್ರಿ ಪ್ರೂಫ್ ಎಂದು ಕಾಣುತ್ತದೆ.

ಹೀಗೆ 5, 13, 43 ಎಂದು ಮೂರು ಮೆಟ್ಟಿಲು ಸಿಕ್ಕಿತು. ಗಟ್ಟಿ ಹೆಚ್ಚಿದಷ್ಟೂ ಗ್ಲಾಸು ಚಿಕ್ಕದಾಯಿತು. 10 ಗ್ರಾಂ ಬರಬೇಕಾದರೆ ಮೈಲ್ಡ್ ಬೀರು 250 ಮಿ.ಲೀ., ವೈನ್ 100 ಮಿ.ಲೀ., ವಿಸ್ಕಿ 30 ಮಿ.ಲೀ. ಅಮೆರಿಕದ ಬಾರುಗಳಲ್ಲಿ 5 ಶೇಕಡಾದ ಬೀರು 355, 12 ಶೇಕಡಾದ ವೈನ್ 148, 40 ಶೇಕಡಾದ ವಿಸ್ಕಿ 44 ಮಿ.ಲೀ. ಕೊಡುವ ರೂಢಿಗೂ ಇದೇ ಆಧಾರ, ಮೂರರಲ್ಲೂ 14 ಗ್ರಾಂ. ಅವರ ಕ್ಯಾನು, ಗ್ಲಾಸು, ಶಾಟು ತಮ್ಮೊಳಗೆ ಹೊಂದಿಕೊಂಡಿವೆ. ನಮ್ಮಲ್ಲಿ ಸ್ಮಾಲ್ ಪೆಗ್ಗೊಂದು ಹೊಂದಿತು, ಬೀರಿನ ಬಾಟಲಿ ಹೊಂದಲಿಲ್ಲ. 650ರ ಬಾಟಲಿ ಮೂಲತಃ ಇಬ್ಬರು ಹಂಚಿಕೊಳ್ಳಬಹುದಾದ ಗಾತ್ರ, ಅದಕ್ಕೆ 8 ಶೇಕಡಾ ತುಂಬಿ ಒಬ್ಬನ ಮುಂದೆ ಇಟ್ಟಾಗ ಹೋಲಿಕೆಯೇ ಕೆಟ್ಟಿತು. ವೈನಿನದೂ ಸ್ವಲ್ಪ ಹಾಗೇ. ಹೋಟೆಲಿನಲ್ಲಿ ತಂದಿಡುವ ಗ್ಲಾಸು ಸಾಮಾನ್ಯವಾಗಿ 150 ಮಿ.ಲೀ., ಅದು ಒಂದೂವರೆ ಡ್ರಿಂಕ್.

ಬಾರಿನಲ್ಲಾದರೆ ಅಳತೆಯ ಪೆಗ್ ಮೆಷರ್ ಇರುತ್ತದೆ, ಒಂದು ಬದಿ 30, ಇನ್ನೊಂದು ಬದಿ 60. ಮನೆಯಲ್ಲಿ ಹಾಗಿಲ್ಲ, 'ಎರಡು ಬೆರಳು' ಎಂದು ಕಣ್ಣಳತೆಯಲ್ಲಿ ಸುರಿಯುತ್ತಾರೆ. ಒಳಬಾಯಿ 7 ಸೆಂ.ಮೀ. ಅಗಲದ ನೇರ ಗ್ಲಾಸಿನಲ್ಲಿ ಒಂದು ಸೆಂ.ಮೀ. ಎತ್ತರಕ್ಕೆ 38 ಮಿ.ಲೀ. ಹಿಡಿಯುತ್ತದೆ. ಎರಡು ಬೆರಳು ಮೂರೂವರೆ ಸೆಂ.ಮೀ. ಆದರೆ 135 ಮಿ.ಲೀ., ನಾಲ್ಕೂವರೆ ಸ್ಮಾಲ್! ಸೋಡಾ ಸುರಿದ ಮೇಲೆ ಅದನ್ನು 'ಒಂದು ಪೆಗ್' ಎಂದೇ ಎಣಿಸುತ್ತಾರೆ. ಪರೀಕ್ಷೆ ಸುಲಭ. ಎಂದಿನಂತೆ ಗ್ಲಾಸಿಗೆ ನೀರು ಸುರಿದು ಅಡುಗೆಮನೆಯ ತಕ್ಕಡಿಯಲ್ಲಿಡಿ, ಗ್ಲಾಸಿನ ತೂಕ ಕಳೆಯಿರಿ. ನೀರಿನ ಒಂದು ಗ್ರಾಂ ಒಂದು ಮಿ.ಲೀ.ಗೆ ಸಮ. ಸೋಡಾ, ನೀರು, ಐಸು ಎಷ್ಟು ಸೇರಿಸಿದರೂ ಆಲ್ಕೋಹಾಲಿನ ಗ್ರಾಂ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಬದಲಾಗುವುದು ಅದು ರಕ್ತಕ್ಕೆ ಏರುವ ವೇಗ. ಖಾಲಿ ಹೊಟ್ಟೆಯ ಪುರುಷರಿಗೆ ಒಂದೇ ಪ್ರಮಾಣದ ಆಲ್ಕೋಹಾಲನ್ನು ಮೂರು ರೂಪದಲ್ಲಿ ಕೊಟ್ಟು ನೋಡಿದ ಪ್ರಯೋಗವೊಂದರಲ್ಲಿ ರಕ್ತದ ಮಟ್ಟ ತುದಿ ಮುಟ್ಟಿದ್ದು ವೋಡ್ಕಾ-ಟಾನಿಕ್‌ಗೆ ಸುಮಾರು 36 ನಿಮಿಷದಲ್ಲಿ, ವೈನಿಗೆ 54, ಬೀರಿಗೆ 62 ನಿಮಿಷದಲ್ಲಿ. ಬೀರು ತಡವಾಗಿ ಏರುತ್ತದೆ, ತುದಿಯೂ ಕಡಿಮೆ. ಬೀರು ಸೌಮ್ಯ ಎಂಬ ಭಾವನೆಯಲ್ಲಿ ಇಷ್ಟು ಸತ್ಯವಿದೆ. ಆದರೆ ಆ ಪ್ರಯೋಗದಲ್ಲಿ ಮೂರಕ್ಕೂ ಗ್ರಾಂ ಸಮವಾಗಿತ್ತು, ಬಾರಿನ ಮೇಜಿನ ಮೇಲೆ ಸಮವಾಗಿರುವುದಿಲ್ಲ.

ದೇಹದೊಳಗೆ ಹೋದ ಮೇಲೆ ಲೆಕ್ಕಕ್ಕೆ ಬರುವುದು ಗ್ರಾಂ ಮಾತ್ರ. ಆಲ್ಕೋಹಾಲ್ ಹರಡಿಕೊಳ್ಳುವುದು ದೇಹದ ನೀರಿನಲ್ಲಿ. 70 ಕೆ.ಜಿ. ತೂಕದ ಗಂಡಸಿಗೆ 10 ಗ್ರಾಂ ರಕ್ತದ ಮಟ್ಟವನ್ನು 100 ಮಿ.ಲೀ.ಗೆ ಸುಮಾರು 20 ಮಿಲಿಗ್ರಾಂ ಏರಿಸುತ್ತದೆ, 55 ಕೆ.ಜಿ.ಯ ಹೆಣ್ಣಿಗೆ 33ರಷ್ಟು. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ. ಅಂದರೆ ಕೆಲವರಿಗೆ ಒಂದೇ ಸ್ಮಾಲ್ ಆ ಗೆರೆ ದಾಟಿಸಬಹುದು. ಇವೆಲ್ಲ ಅಂದಾಜು, ಊಟ, ಮೈಕಟ್ಟು, ಕುಡಿಯುವ ವೇಗ ನೋಡಿ ಹೆಚ್ಚುಕಡಿಮೆಯಾಗುತ್ತವೆ. 'ಇಷ್ಟು ಡ್ರಿಂಕ್ ಆದರೆ ಗಾಡಿ ಓಡಿಸಬಹುದು' ಎಂದು ಓದಿಕೊಳ್ಳಲು ಬರುವುದಿಲ್ಲ.

ಒಂದು ರಾತ್ರಿಯ ಲೆಕ್ಕ ಪೂರ್ತಿ ಹಾಕಿ ನೋಡಿ. 70 ಕೆ.ಜಿ.ಯವನು ಬೆಂಗಳೂರಿನಲ್ಲಿ ಎಂಟು ಗಂಟೆಗೆ ಕುಳಿತು ಎರಡು ಸ್ಟ್ರಾಂಗ್ ಬೀರು ಕುಡಿದ, ಬೆಳಿಗ್ಗೆ ಐದಕ್ಕೆ ಮೈಸೂರಿಗೆ ಕಾರಿನಲ್ಲಿ ಹೊರಡಬೇಕು. ಒಟ್ಟು 82 ಗ್ರಾಂ, ರಕ್ತದಲ್ಲಿ ಸುಮಾರು 170 ಮಿಲಿಗ್ರಾಂ. ಯಕೃತ್ತು ಗಂಟೆಗೆ 15 ಮಿಲಿಗ್ರಾಂನ ಆಸುಪಾಸಿನಲ್ಲಿ ಇಳಿಸುತ್ತದೆ. ಕಾಫಿ, ನಿಂಬೆರಸ, ತಣ್ಣೀರ ಸ್ನಾನ ಯಾವುದೂ ಅದನ್ನು ಚುರುಕು ಮಾಡುವುದಿಲ್ಲ. ಒಂಬತ್ತು ಗಂಟೆಗಳಲ್ಲಿ 135 ಇಳಿಯಿತು ಎನ್ನಿ. ಐದು ಗಂಟೆಗೆ ಕೀ ತಿರುಗಿಸುವಾಗ ಅವನ ರಕ್ತದಲ್ಲಿ ಇನ್ನೂ 35 ಉಳಿದಿರುತ್ತದೆ, ನಿದ್ದೆ ಮಾಡಿ ಎದ್ದವನಿಗೆ ಅದರ ಸುಳಿವೂ ಇರುವುದಿಲ್ಲ.