ಹತ್ತು ಬಾಟಲಿಗಳ ಭಾಷಣ: ಪಿಪಿಟಿಯನ್ನು ಪುಟ್ಟ ಮಕ್ಕಳ ಅಸೆಂಬ್ಲಿಗೆ ಇಳಿಸುವುದು

ದೊಡ್ಡವರಿಗಾಗಿ ಮಾಡಿದ ಪರಿಸರ ಪರಿಣಾಮದ ಪಿಪಿಟಿಯನ್ನು ಒಂದರಿಂದ ಮೂರನೇ ತರಗತಿಯ ಮಕ್ಕಳ ಮುಂದೆ ಐದು ನಿಮಿಷದ ಮಾತಾಗಿಸುವುದು ನಮ್ಮ ಅಭ್ಯಾಸದ ಕೆಲಸ. ಉದಾಹರಣೆಗೆ ಪ್ಲಾಸ್ಟಿಕ್ ತ್ಯಾಜ್ಯದ ಪಿಪಿಟಿ ತಗೊಳ್ಳೋಣ. ಇಪ್ಪತ್ತು ಸ್ಲೈಡ್‌ಗಳನ್ನೂ ಸ್ವಲ್ಪ ಸ್ವಲ್ಪ ಕತ್ತರಿಸಿ ಚಿಕ್ಕದು ಮಾಡಲು ಹೊರಟರೆ ಮಾತು ಓಡುತ್ತದೆ, ಮಕ್ಕಳು ಹಿಂದುಳಿಯುತ್ತಾರೆ. ಮೊದಲು ಒಂದೇ ಒಂದು ಸ್ಲೈಡ್ ಆರಿಸಿಕೊಳ್ಳಿ, ಉಳಿದದ್ದನ್ನು ಪಕ್ಕಕ್ಕಿಡಿ.

ನಾನು ಆರಿಸುವುದು ಈ ಸ್ಲೈಡನ್ನು: 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2015ರವರೆಗೆ ಜಗತ್ತಿನಲ್ಲಿ ಉಂಟಾದ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಸುಮಾರು ಶೇ 9ರಷ್ಟು ಮರುಬಳಕೆಗೆ ಹೋಗಿದೆ, ಶೇ 12ರಷ್ಟು ಸುಟ್ಟುಹೋಗಿದೆ, ಶೇ 79ರಷ್ಟು ಕಸದ ಗುಂಡಿಗಳಲ್ಲಿ ಅಥವಾ ಹೊರಗೆ ಪರಿಸರದಲ್ಲಿ ಉಳಿದಿದೆ. ಆರು ವರ್ಷದ ಮಗುವಿಗೆ ಶೇಕಡಾ ಗೊತ್ತಿಲ್ಲ, ಆದರೆ ಹತ್ತರವರೆಗೆ ಎಣಿಸುವುದು ಚೆನ್ನಾಗಿ ಗೊತ್ತು. ಈ ಮೂರೂ ಅಂಕಿಗಳನ್ನು ಹತ್ತರ ಲೆಕ್ಕಕ್ಕೆ ತಂದರೆ ಒಂದು, ಒಂದು, ಎಂಟು. ಕೂಡಿದರೆ ಸರಿಯಾಗಿ ಹತ್ತೇ ಬರುತ್ತದೆ. ಎಲ್ಲ ಅಂಕಿಗಳೂ ಇಷ್ಟು ಸಲೀಸಾಗಿ ಹತ್ತಕ್ಕೆ ಕೂರುವುದಿಲ್ಲ. ಹಾಗೆ ಕೂರದಿದ್ದರೆ ಸ್ಲೈಡನ್ನೇ ಬದಲಿಸಿ, ಅಂಕಿಯನ್ನು ಎಳೆದಾಡಬೇಡಿ.

ಈಗ ಹತ್ತು ಖಾಲಿ ಬಾಟಲಿಗಳು ಮತ್ತು ಒಂದು ದೊಡ್ಡ ಬುಟ್ಟಿ ಬೇಕು. ಕೊನೆಯ ಸಾಲಿನ ಮಗುವಿಗೂ ಕಾಣುವಷ್ಟು ದೊಡ್ಡ ಬಾಟಲಿಗಳಿರಲಿ, ಮುಚ್ಚಳಗಳಿಂದ ಈ ಕೆಲಸ ಆಗುವುದಿಲ್ಲ. ಮಾತು ಹೀಗೆ ಸಾಗುತ್ತದೆ: “ಮಕ್ಕಳೇ, ಇಲ್ಲಿ ಎಷ್ಟು ಬಾಟಲಿ ಇವೆ? ಎಣಿಸೋಣ. ಹತ್ತು! ಜನ ಇವನ್ನು ಬಳಸಿ ಬಿಸಾಡಿದರು. ಇದೊಂದು ಕರಗಿ ಬೇರೆ ವಸ್ತುವಾಯಿತು. ಇದೊಂದು ಸುಟ್ಟುಹೋಯಿತು. ಇನ್ನು ಉಳಿದವು ಎಷ್ಟು?” ಮಕ್ಕಳು “ಎಂಟು” ಅಂದ ಮೇಲೆ ಒಂದೊಂದೇ ಬಾಟಲಿಯನ್ನು ಬುಟ್ಟಿಗೆ ಹಾಕಿ. ಎಂಟನೆಯದು ಬೀಳುವ ತನಕ ಮಾತಾಡಬೇಡಿ. ಬಾಟಲಿ ಬೀಳುವ ಸದ್ದೇ ಅಲ್ಲಿನ ಮಾತು. ಆಮೇಲೆ ಬುಟ್ಟಿ ಎತ್ತಿ ತೋರಿಸಿ, “ಇವು ಇನ್ನೂ ಎಲ್ಲೋ ಇವೆ” ಎಂದರೆ ಸಾಕು.

ಬಾಟಲಿಗಳ ಬದಲು ಹತ್ತು ಮಕ್ಕಳನ್ನೇ ನಿಲ್ಲಿಸಿದರೆ ಚೆನ್ನ ಎಂದು ಮೊದಲಿಗೆ ಅನಿಸುತ್ತದೆ. ಬೇಡ. “ನೀನು ಸುಟ್ಟುಹೋದೆ” ಎಂದು ಹೇಳಿಸಿಕೊಂಡ ಮಗು ಅಂದು ಮನೆಗೆ ಒಯ್ಯುವುದು ಆ ಮಾತನ್ನೇ. ಬಲೆಗೆ ಸಿಕ್ಕ ಆಮೆಯ ಚಿತ್ರವಿರುವ ಸ್ಲೈಡನ್ನೂ ಇದೇ ಕಾರಣಕ್ಕೆ ಬಿಡಬೇಕು. ಮಗುವಿಗೆ ಆಮೆಯ ನೋವು ನೆನಪಿರುತ್ತದೆ, ಆದರೆ ತಾನು ಏನು ಮಾಡಬಹುದೆಂಬುದು ಉಳಿಯುವುದಿಲ್ಲ. ಬಾಟಲಿ 450 ವರ್ಷ ಉಳಿಯುತ್ತದೆ ಎಂಬ ಸಾಲನ್ನೂ ನಾನು ತೆಗೆಯುತ್ತೇನೆ. ಅದು ಅಂದಾಜು, ಯಾರೂ ಕಾದು ನೋಡಿದ್ದಲ್ಲ. ಪ್ಲಾಸ್ಟಿಕ್ ಭಾರೀ ಪ್ರಮಾಣದಲ್ಲಿ ತಯಾರಾಗತೊಡಗಿದ್ದೇ 1950ರ ಆಸುಪಾಸಿನಲ್ಲಿ.

ಆ ಸಾಲಿನ ಜಾಗದಲ್ಲಿ ಕಣ್ಣಿಗೆ ಕಾಣುವುದನ್ನು ಇಡಬಹುದು. ಅಸೆಂಬ್ಲಿಗೆ ಎರಡು ತಿಂಗಳು ಮುಂಚೆ ಒಂದು ಕುಂಡದ ಒದ್ದೆ ಮಣ್ಣಿನಲ್ಲಿ ಒಂದು ಮೆತ್ತನೆಯ ಹಸಿರೆಲೆ, ಒಂದು ಬಿಸ್ಕತ್ ಕವರ್ ಹೂಳಿ. ಮಣ್ಣು ಒಣಗದಂತೆ ನೀರು ಹಾಕುತ್ತಿರಿ, ಒಣಗಿದರೆ ಎಲೆ ಕೊಳೆಯದೆ ಹಾಗೇ ಇದ್ದುಬಿಡುತ್ತದೆ. ದಪ್ಪ, ಗಟ್ಟಿ ಎಲೆಗೆ ಇನ್ನೂ ಹೆಚ್ಚು ದಿನ ಬೇಕು, ಹಾಗಾಗಿ ಹಿಂದಿನ ದಿನವೇ ಅಗೆದು ನೋಡಿಕೊಳ್ಳಿ. ಎಲೆ ನಾರುನಾರಾಗಿ ಕಪ್ಪಗಾಗಿರುತ್ತದೆ. ಕವರನ್ನು ತೊಳೆದರೆ ಅದರ ಮೇಲಿನ ಅಕ್ಷರ ಓದಬಹುದು. ಒಂದು ಮಗುವನ್ನು ಕರೆದು ಅದನ್ನು ಗಟ್ಟಿಯಾಗಿ ಓದಿಸಿ.

ಮಾತಿನ ಕೊನೆಗೆ ಏನು ಹೇಳಬೇಕೆಂಬುದೇ ಇದರಲ್ಲಿ ಕಷ್ಟದ ಭಾಗ. ಬಹಳಷ್ಟು ಪಿಪಿಟಿಗಳ ಕೊನೆಯ ಸ್ಲೈಡ್ “ಮರುಬಳಕೆಯ ಡಬ್ಬಿಗೆ ಹಾಕಿ” ಎನ್ನುತ್ತದೆ. ಆದರೆ ಈಗಷ್ಟೇ ಹತ್ತರಲ್ಲಿ ಒಂದೇ ಬಾಟಲಿ ಆ ದಾರಿ ಹಿಡಿದದ್ದನ್ನು ತೋರಿಸಿದ್ದೇವೆ, ಮಕ್ಕಳು ಅದನ್ನು ಗಮನಿಸಿರುತ್ತಾರೆ. ಆದ್ದರಿಂದ ಬುಟ್ಟಿಯಿಂದ ಒಂದು ಬಾಟಲಿಯನ್ನು ತೆಗೆದು ಪಕ್ಕ ಇಟ್ಟು, “ಇದನ್ನು ಕೊಳ್ಳದೇ ಇದ್ದಿದ್ದರೆ?” ಎಂದು ಕೇಳಿ, ಮನೆಯಿಂದ ತಂದ ನೀರಿನ ಬಾಟಲಿಯನ್ನು ಎತ್ತಿ ತೋರಿಸಿ. ಕೊಳ್ಳುವುದು ದೊಡ್ಡವರು, ಹಾಗಾಗಿ “ನೀವು ಭೂಮಿ ಉಳಿಸಿ” ಎಂಬ ಭಾರ ಮಗುವಿನ ಹೆಗಲಿಗೆ ಹೋಗುವುದು ಬೇಡ. ನೀರಿನ ಬಾಟಲಿ ಮರೆಯದೆ ತರುವುದು ಅವರ ಕೈಲಿರುವ ಕೆಲಸ.

ಮಕ್ಕಳಿಗೆ ಮುಟ್ಟಿತೇ ಎಂದು ತಿಳಿಯಲು “ಅರ್ಥ ಆಯ್ತಾ?” ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರೂ “ಆಯ್ತು” ಎಂದೇ ಕೂಗುತ್ತಾರೆ. ಮಧ್ಯಾಹ್ನ ತರಗತಿಯಲ್ಲಿ ಒಂದು ಮಗುವಿಗೆ ಹತ್ತು ಬಳಪದ ತುಂಡು ಕೊಟ್ಟು, “ಬೆಳಿಗ್ಗೆ ಬಾಟಲಿಗಳಿಗೆ ಏನಾಯ್ತು, ತೋರಿಸು” ಎನ್ನಿ. ಎಂಟನ್ನು ಒಂದು ಕಡೆ ಗುಡ್ಡೆ ಹಾಕಿದರೆ ಮುಟ್ಟಿದೆ. ಎಲ್ಲವನ್ನೂ ಒಂದೇ ಗುಡ್ಡೆ ಮಾಡಿದರೆ ನಾವು ವೇಗವಾಗಿ ಹೇಳಿದ್ದೇವೆ, ಬಾಟಲಿ ಎತ್ತುವಾಗ ಇನ್ನಷ್ಟು ನಿಲ್ಲಬೇಕಿತ್ತು.