1715ರಲ್ಲಿ ಪೀಕ್ ಕಂಡರೆ ಸಾಕಾ?

ಐಆರ್ ಗ್ರಾಫ್‌ನಲ್ಲಿ 1715 cm⁻¹ ಹತ್ತಿರ ಒಂದು ಜೋರಾದ ಪೀಕ್ ಕಂಡರೆ "ಮಾಮೂಲಿ ಕೀಟೋನ್" ಅಂತ ಬರೆದು ಮುಂದೆ ಹೋಗುವವರು ಜಾಸ್ತಿ. ಅಸಿಟೋನ್, ಸೈಕ್ಲೋಹೆಕ್ಸನೋನ್ ಎರಡರ ಪೀಕೂ ಅಲ್ಲೇ ಬರುತ್ತದೆ, ನಿಜ. ಆದರೆ 2-ಸೈಕ್ಲೋಪೆಂಟೆನೋನ್‌ನದೂ ಹೆಚ್ಚುಕಡಿಮೆ ಅಲ್ಲೇ ಬರುತ್ತದಲ್ವಾ, ಅದನ್ನೇನು ಮಾಡೋಣ?

ಆ ಪೀಕ್ ಹುಟ್ಟುವುದು ಕಾರ್ಬನ್ ಮತ್ತು ಆಕ್ಸಿಜನ್ ನಡುವಿನ ದ್ವಿಬಂಧ, ಅಂದರೆ ಕಾರ್ಬೊನಿಲ್, ಹಿಗ್ಗಿ ಕುಗ್ಗುವುದರಿಂದ. ಬಂಧ ಬಿಗಿಯಾದಷ್ಟೂ ಸಂಖ್ಯೆ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ.

ಮೊದಲು ಉಂಗುರದ ವಿಷಯ. ಆರು ಕಾರ್ಬನ್ನಿನ ಸೈಕ್ಲೋಹೆಕ್ಸನೋನ್ 1715, ಐದರದ್ದು ಸುಮಾರು 1745, ನಾಲ್ಕರದ್ದು 1780. ಉಂಗುರ ಚಿಕ್ಕದಾದಂತೆ ಕಾರ್ಬೊನಿಲ್ ಕಾರ್ಬನ್ನಿನ ಅಕ್ಕಪಕ್ಕದ ಎರಡು ಬಂಧಗಳ ನಡುವಿನ ಕೋನ ಕಿರಿದಾಗುತ್ತದೆ. ಆಗ ಆ ಕಾರ್ಬನ್ ಹಿಂದೆ ಮುಂದೆ ಆಡುವಾಗಲೆಲ್ಲ ಅವೆರಡನ್ನೂ ಜಾಸ್ತಿ ಒತ್ತಬೇಕು, ಎಳೆಯಬೇಕು. ಕಂಪನಕ್ಕೆ ಹೆಚ್ಚು ಬಿಗಿ ಬರುತ್ತದೆ. ಜೊತೆಗೆ ಆಕ್ಸಿಜನ್ ಕಡೆಗಿನ ಬಂಧವೂ ಸ್ವಲ್ಪ ಗಟ್ಟಿಯಾಗುತ್ತದೆ.

ಇನ್ನು ಸಂಯುಗ್ಮನ, ಅಂದರೆ ಪಕ್ಕದಲ್ಲೇ ಇನ್ನೊಂದು ದ್ವಿಬಂಧ ಇರುವುದು. ಆಗ ಎಲೆಕ್ಟ್ರಾನ್‌ಗಳು ಎರಡೂ ಕಡೆ ಹರಡಿಕೊಳ್ಳುತ್ತವೆ, ಕಾರ್ಬೊನಿಲ್ ಒಂಚೂರು ಏಕಬಂಧದಂತೆ ಆಗುತ್ತದೆ. 2-ಸೈಕ್ಲೋಹೆಕ್ಸೆನೋನ್ ಹೀಗೇ 1685ರ ಆಸುಪಾಸಿಗೆ ಇಳಿಯುತ್ತದೆ.

ಈಗ ಸೈಕ್ಲೋಪೆಂಟೆನೋನ್ ಲೆಕ್ಕ ಹಾಕಿ. ಐದರ ಉಂಗುರಕ್ಕೆ ಸುಮಾರು 30 ಏರಿಕೆ, ಸಂಯುಗ್ಮನಕ್ಕೆ ಸುಮಾರು 30 ಇಳಿಕೆ, ಒಂದನ್ನೊಂದು ಹೊಡೆದುಹಾಕಿ ಮತ್ತೆ 1715! ಹಾಗಾಗಿ ಆ ಒಂದೇ ಪೀಕ್ ನೋಡಿ ತೀರ್ಮಾನ ಮಾಡಬೇಡಿ. 1600ರ ಹತ್ತಿರ ಕಾರ್ಬನ್-ಕಾರ್ಬನ್ ದ್ವಿಬಂಧದ ಪೀಕ್ ಇದೆಯಾ, 3000ಕ್ಕಿಂತ ಸ್ವಲ್ಪ ಮೇಲೆ ಆ ದ್ವಿಬಂಧದ ಹೈಡ್ರೋಜನ್‌ದು ಕಾಣುತ್ತದಾ ಅಂತ ಹುಡುಕಿ. ಯುವಿ ತೆಗೆದರಂತೂ ಅನುಮಾನವೇ ಉಳಿಯಲ್ಲ. 220 ನ್ಯಾನೋಮೀಟರ್ ಸುತ್ತಮುತ್ತ ಜೋರಾದ ಹೀರಿಕೆ ಇದ್ದರೆ ಅದು ಸಂಯುಗ್ಮ ಕೀಟೋನ್, ಮಾಮೂಲಿಯದಲ್ಲ. ಸೈಕ್ಲೋಪೆಂಟೆನೋನ್‌ನಲ್ಲಿ ಕಾರ್ಬೊನಿಲ್ ಪೀಕೇ ಎರಡಾಗಿ ಸೀಳಿಕೊಂಡು ಎರಡು ಕಾರ್ಬೊನಿಲ್ ಇವೆಯೇನೋ ಅಂತ ದಾರಿ ತಪ್ಪಿಸುವುದೂ ಉಂಟು.

ಎಲೆಕ್ಟ್ರಾನ್ ಕೊಡುವ ಗುಂಪಿನದು ಇನ್ನೂ ಮಜಾ. ಸೈಕ್ಲೋಹೆಕ್ಸೆನೋನ್‌ನ ದ್ವಿಬಂಧದ ಆಚೆ ತುದಿಗೆ ಒಂದು ಇಥಾಕ್ಸಿ ಗುಂಪು ಸೇರಿಸಿದರೆ ಅದರ ಆಕ್ಸಿಜನ್ ತನ್ನ ಒಂಟಿ ಜೋಡಿ ಎಲೆಕ್ಟ್ರಾನ್‌ಗಳನ್ನು ದ್ವಿಬಂಧದ ಮೂಲಕ ಕಾರ್ಬೊನಿಲ್‌ವರೆಗೂ ತಳ್ಳುತ್ತದೆ, ಪೀಕ್ 1685ರಿಂದ 1655ರ ಹತ್ತಿರಕ್ಕೆ ಬೀಳುತ್ತದೆ. ಹಾಗಾದರೆ ಎಸ್ಟರ್‌ನಲ್ಲಿ ಆಕ್ಸಿಜನ್ ಕಾರ್ಬೊನಿಲ್‌ಗೇ ಅಂಟಿಕೊಂಡಿದ್ದರೂ ಪೀಕ್ ಯಾಕೆ 1735ಕ್ಕೆ ಏರುತ್ತದೆ? ಅಲ್ಲೂ ಆಕ್ಸಿಜನ್ ಎಲೆಕ್ಟ್ರಾನ್ ಕೊಡುತ್ತದೆ, ಆದರೆ ಅಷ್ಟು ಹತ್ತಿರ ಇರುವಾಗ ಬಂಧದ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆಯುವುದೇ ಜೋರಾಗುತ್ತದೆ. ಇಥಾಕ್ಸಿ ದೂರ ಇದ್ದಾಗ ಆ ಎಳೆತ ತಲುಪುವುದಿಲ್ಲ, ಕೊಡುಗೆ ಮಾತ್ರ ತಲುಪುತ್ತದೆ. ಅಮೈಡ್‌ನ ನೈಟ್ರೋಜನ್‌ಗೆ ಎಳೆಯುವ ಆಸೆ ಕಡಿಮೆ, ಕೊಡುವುದು ಜಾಸ್ತಿ. ಅದಕ್ಕೇ ಅಮೈಡ್ 1650ರಿಂದ 1690ರ ನಡುವೆ ಸಿಗುತ್ತದೆ.

ದ್ರಾವಕ ಬದಲಾದರೂ ಈ ಅಂಕಿಗಳು 10ರಷ್ಟು ಅಲ್ಲಾಡಬಹುದು. ಎರಡು ಸ್ಯಾಂಪಲ್ ಹೋಲಿಸುವುದಾದರೆ ಎರಡನ್ನೂ ಒಂದೇ ದ್ರಾವಕದಲ್ಲಿ ತೆಗೆಯಿರಿ.